ಬೈಗು ಅಂದ್ರೆ ಎಷ್ಟೊತ್ತು? ಅಜ್ಜಿ–ಮೊಮ್ಮಗಳ ಕಥೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬರೆದ ಸಣ್ಣ ಕಥೆ ಓದಿದೋರು ಒಂದೇ ಥರದ ಪ್ರಶ್ನೆಗಳನ್ನ ಮತ್ತೆ ಮತ್ತೆ ಕೇಳ್ತಾ ಇದ್ದಾರೆ, ಹಂಗಾಗಿ ಎಲ್ಲಾ ಒಂದೇ ಕಡೆ ಬರೆದಿಡ್ತಿದೀನಿ. ಕಥೆ ಓದದೆ ಇರೋರಿಗೂ ಅರ್ಥ ಆಗಲಿ ಅಂತ ಮೊದಲನೇ ಉತ್ತರದಲ್ಲೇ ಕಥೆ ಪೂರ್ತಿ ಹೇಳಿದೀನಿ.

ಕಥೆ ಓದಿಲ್ಲ, ಏನಾಗುತ್ತೆ ಅಂತ ಹೇಳ್ತೀರಾ?

ತೀರ್ಥಹಳ್ಳಿ ಕಡೆ ಒಂದು ಹಳ್ಳಿ. ಮನೆ ಮುಂದೆ ಅಡಿಕೆ ತೋಟ, ತೋಟದ ಆಚೆ ಪಶ್ಚಿಮಕ್ಕೆ ಗುಡ್ಡ. ಇಂಚರ ಅಂತ ಎಂಟು ವರ್ಷದ ಹುಡುಗಿ ಮೇ ತಿಂಗಳ ರಜೆಗೆ ಬೆಂಗಳೂರಿಂದ ಅಜ್ಜಿ ಮನೆಗೆ ಬರ್ತಾಳೆ. ಬಂದ ದಿನ ಅಂಗಳದಲ್ಲಿ ಆಟ ಆಡ್ತಾ ಇರೋವಾಗ ಅಜ್ಜಿ ಜಗಲಿಯಿಂದ "ಬೈಗಾತು ಕಣೆ, ಒಳಗೆ ಬಾ" ಅಂತ ಕೂಗ್ತಾರೆ. ಹುಡುಗಿಗೆ ಕೇಳಿಸಿದ್ದು ಬೈಗುಳದ ಬೈ. ಮುಖ ಸಣ್ಣದು ಮಾಡ್ಕೊಂಡು "ನಾನೇನು ಮಾಡಿದೆ ಅಂತ ಬೈತೀಯ ಅಜ್ಜಿ?" ಅಂತಾಳೆ. ಅಜ್ಜಿ ನಕ್ಕು "ಬೈದಿಲ್ಲ ಮಗಾ, ಬೈಗಾತು ಅಂದೆ" ಅಂತಾರೆ. "ಬೈಗು ಅಂದ್ರೆ?" "ಬೈಗು ಅಂದ್ರೆ ಬೈಗು. ನಾಳೆ ತೋರಿಸ್ತೀನಿ, ಈಗ ಕೈಕಾಲು ತೊಳ್ಕೊ."

ಮಾರನೇ ದಿನ ಇಬ್ರೂ ಜಗಲಿ ಮೇಲೆ ಕೂತ್ಕೋತಾರೆ. ಅಜ್ಜಿ ಅಡಿಕೆ ಮರದ ಬುಡ ತೋರಿಸ್ತಾರೆ. ಗುಡ್ಡದ ನೆರಳು ತೋಟದ ಮೇಲೆ ಬಂದು, ಬುಡದಲ್ಲಿದ್ದ ಬಿಸಿಲು ನಿಧಾನಕ್ಕೆ ಮರ ಹತ್ತಕ್ಕೆ ಶುರು ಮಾಡುತ್ತೆ. ಕಾಂಡದ ಅರ್ಧಕ್ಕೆ ಬಂತು, ಗೊನೆ ಹತ್ರ ಬಂತು, ಆಮೇಲೆ ಸೋಗೆ ತುದಿಲಿ ಮಾತ್ರ ಹೊಂಬಣ್ಣ ಉಳೀತು, ಆಮೇಲೆ ಅದೂ ಇಲ್ಲ. "ಬಿಸಿಲು ಮರದಿಂದ ಆಚೆ ಹೋಯ್ತಲ್ಲ, ಇಲ್ಲಿಂದ ಬೈಗು" ಅಂತಾರೆ ಅಜ್ಜಿ, ಹೇಳ್ತಾ ಹೇಳ್ತಾನೇ ಎದ್ದು ಚಾಪೆ ಮೇಲೆ ಒಣಗಕ್ಕೆ ಹಾಕಿದ್ದ ಹಲಸಿನಕಾಯಿ ಹಪ್ಪಳ ಒಂದೊಂದೇ ತೆಗೆದು ಮೊರಕ್ಕೆ ಜೋಡಿಸ್ತಾರೆ. ಆಮೇಲೆ ಕೋಳಿ ಗೂಡಿನ ಬಾಗಿಲು, ಬಚ್ಚಲೊಲೆಗೆ ಬೆಂಕಿ, ಕೊಟ್ಟಿಗೆಗೆ ಬಂದ ದನಕ್ಕೆ ಹುಲ್ಲು, ಹಾಲು ಕರೆಯೋದು. ಇಷ್ಟೂ ಮುಗಿಸಿ ಅಜ್ಜಿ ಅಂಗಳದ ಕೆಂಪು ದಾಸವಾಳದ ಗಿಡದ ಕಡೆ ಕೈ ತೋರಿಸಿ "ಹೂವು ಯಾವ ಬಣ್ಣ?" ಅಂತ ಕೇಳ್ತಾರೆ. ಇಂಚರ ನೋಡಿದ್ರೆ ಎಲೆ ಇನ್ನೂ ಕಾಣ್ತಿದೆ, ಹೂವು ಮಾತ್ರ ಕಪ್ಪು. "ದಾಸವಾಳ ಕಪ್ಪಾದ ಮೇಲೆ ಬೈಗು ಮುಗೀತು, ಇನ್ನು ರಾತ್ರಿ."

ಮೂರನೇ ದಿನ ಜಗಳ. ಫೋನಲ್ಲಿ ಸೂರ್ಯಾಸ್ತ 6:46 ಅಂತ ಇದೆ, ಅಜ್ಜಿ ಆರು ದಾಟ್ತಿದ್ದಂಗೆ ಬೈಗು ಅಂತಾರೆ, ಹಂಗಾದ್ರೆ ಅಜ್ಜಿ ತಪ್ಪು ಅಂತ ಹುಡುಗಿ ವಾದ. ಅಜ್ಜಿ ವಾದ ಮಾಡಲ್ಲ, "ನಿನ್ನ ಫೋನಿಗೆ ನಮ್ಮ ಗುಡ್ಡ ಗೊತ್ತಿಲ್ಲ" ಅಂತ ಹೇಳಿ ಸುಮ್ಮನಾಗ್ತಾರೆ.

ನಾಲ್ಕನೇ ದಿನ ಮಧ್ಯಾಹ್ನ ನಾಲ್ಕು ಗಂಟೆಗೇ ಮಳೆಗಾಲದ ಮುಂಚಿನ ದಟ್ಟ ಮೋಡ. ಅಂಗಳ ಪೂರ್ತಿ ಕತ್ತಲೆ. ಇಂಚರ ಓಡಿ ಬಂದು "ಅಜ್ಜಿ ಬೈಗಾಯ್ತು, ಹಪ್ಪಳ ತೆಗಿ!" ಅಂತ ಕೂಗ್ತಾಳೆ. ಅಜ್ಜಿ "ಹಪ್ಪಳ ತೆಗಿಬೇಕು, ಮಳೆ ಬರುತ್ತೆ. ಆದ್ರೆ ಬೈಗಾಗಿಲ್ಲ" ಅಂತಾರೆ. ಹುಡುಗಿ ಬಿಡಲ್ಲ, ಕೋಳಿಗಳು ಸಾಲಾಗಿ ಗೂಡು ಸೇರ್ತಿರೋದನ್ನ ಸಾಕ್ಷಿಯಾಗಿ ತೋರಿಸ್ತಾಳೆ. ಅಜ್ಜಿ ಅವಳ ಕೈ ಹಿಡ್ಕೊಂಡು ಹಿತ್ತಲಿಗೆ ಕರ್ಕೊಂಡು ಹೋಗಿ ಚಪ್ಪರದ ಮೇಲಿನ ಹೀರೆ ಬಳ್ಳಿ ತೋರಿಸ್ತಾರೆ. ಮೊಗ್ಗು ಇನ್ನೂ ಬಿಗಿಯಾಗಿ ಸುತ್ತಿಕೊಂಡಿದೆ. "ಕೋಳಿ ಮೋಸ ಹೋಗ್ತಾವೆ ಮಗಾ. ಹೀರೆ ಹೂವು ಅಷ್ಟು ಸಲೀಸಾಗಿ ಮೋಸ ಹೋಗಲ್ಲ." ಮಳೆ ಹೊಯ್ದು ನಿಂತು, ಮೋಡ ಹರಿದು, ಕೋಳಿಗಳು ಮತ್ತೆ ಹೊರಗೆ ಬರ್ತಾವೆ. ಆಮೇಲೆ ನಿಜವಾದ ಬೈಗು ಬರುತ್ತೆ. ಹೀರೆ ಹೂವು ಹಳದಿಯಾಗಿ ಬಿಚ್ಕೊಂಡಿರೋದನ್ನ ಹುಡುಗಿ ತಾನೇ ಹೋಗಿ ನೋಡ್ಕೊಂಡು ಬಂದು "ಈಗಾಯ್ತು" ಅಂತಾಳೆ.

ಕೊನೇಲಿ ಬೆಂಗಳೂರಿಂದ ಒಂದು ಫೋನ್ ಕಾಲ್. "ಅಜ್ಜಿ, ನಮ್ಮಲ್ಲಿ ನಿಮಗಿಂತ ಒಂಬತ್ತು ನಿಮಿಷ ಮುಂಚೆ ಸೂರ್ಯ ಮುಳುಗ್ತಾನೆ." ಅಜ್ಜಿ ಕೇಳೋದು ಒಂದೇ: "ಬಟ್ಟೆ ಒಳಗೆ ತಂದ್ಯಾ?" ಅಷ್ಟೇ ಕಥೆ.

ಬೈಗು ಅಂದ್ರೆ ಕರೆಕ್ಟಾಗಿ ಎಷ್ಟು ಗಂಟೆ?

ಇದಕ್ಕೆ ಗಂಟೆ ಹೇಳಕ್ಕಾಗಲ್ಲ, ಅದಕ್ಕೇ ಈ ಕಥೆ ಬರೆದಿದ್ದು. ನಿಘಂಟು ತೆಗೆದ್ರೆ ಸಂಜೆ, ಸಾಯಂಕಾಲ ಅಂತ ಅರ್ಥ ಕೊಟ್ಟಿರ್ತಾರೆ. ಪದ ಹಳೇದು, ಹಳಗನ್ನಡದಲ್ಲಿ ಬಯ್ಗು ಅಂತ ಬರುತ್ತೆ, ಕಿಟೆಲ್ ಅವರ 1894ರ ನಿಘಂಟಿನಲ್ಲೂ ಇದೆ. "ಬೆಳಗಿನಿಂದ ಬೈಗಿನವರೆಗೆ ದುಡಿದ" ಅಂತ ಈಗಲೂ ಪೇಪರಲ್ಲಿ ಬರೀತಾರೆ, ಆದ್ರೆ ಪೇಟೇಲಿ ಬೈಗು ಅನ್ನೋ ಪದವನ್ನ ಒಂಟಿಯಾಗಿ ಬಾಯಲ್ಲಿ ಬಳಸೋರು ಕಮ್ಮಿ ಆಗಿದ್ದಾರೆ.

ನನ್ನ ಕಥೆಯ ಅಜ್ಜಿಗೆ ಬೈಗು ಅನ್ನೋದು ಒಂದು ಕ್ಷಣ ಅಲ್ಲ, ಒಂದು ಅವಧಿ. ಬಿಸಿಲು ಅಡಿಕೆ ಸೋಗೆ ಬಿಟ್ಟಾಗ ಶುರು, ಕೆಂಪು ದಾಸವಾಳ ಕಪ್ಪಾದಾಗ ಮುಕ್ತಾಯ. ಆ ಮನೆಯಲ್ಲಿ ಮೇ ತಿಂಗಳ ಮೊದಲ ವಾರ ಲೆಕ್ಕ ಹಾಕಿದ್ರೆ ಆರೂ ಐದರ ಸುಮಾರಿಗೆ ಶುರುವಾಗಿ ಏಳೂ ಹತ್ತರ ಹತ್ರ ಮುಗಿಯುತ್ತೆ, ಅಂದ್ರೆ ಒಂದು ಗಂಟೆಯಷ್ಟು. ಈ ಒಂದು ಗಂಟೆಯೊಳಗೆ ಹೊರಗಿನ ಕೆಲಸ ಎಲ್ಲಾ ಒಳಗೆ ಬರಬೇಕು, ಕತ್ತಲಲ್ಲಿ ಮಾಡಕ್ಕಾಗದ ಕೆಲಸ ಎಲ್ಲಾ ಮುಗೀಬೇಕು. ಅಜ್ಜಿ "ಬೈಗಾತು" ಅಂತ ಕೂಗಿದಾಗ ಟೈಮ್ ಹೇಳ್ತಿಲ್ಲ, ಕೆಲಸಗಳ ಒಂದು ಸಾಲು ಶುರುವಾಯ್ತು ಅಂತ ಹೇಳ್ತಿದ್ದಾರೆ. ಹಪ್ಪಳ ಮೊದಲು ಯಾಕೆ ಅಂದ್ರೆ ಬಿಸಿಲು ಹೋದ ತಕ್ಷಣ ಮಲೆನಾಡಿನ ಗಾಳೀಲಿ ತೇವ ಏರುತ್ತೆ, ದಿನವಿಡೀ ಒಣಗಿದ ಹಪ್ಪಳ ಅರ್ಧ ಗಂಟೇಲಿ ಮೆತ್ತಗಾಗಿಬಿಡುತ್ತೆ. ಮೆತ್ತಗಾದ ಹಪ್ಪಳ ಹಂಗೇ ಡಬ್ಬಕ್ಕೆ ಹಾಕಿದ್ರೆ ಬೂಸ್ಟು ಹಿಡಿಯುತ್ತೆ. ಹಾಲು ಕರೆಯೋದು ಕೊನೆಗೆ, ಯಾಕಂದ್ರೆ ಅದನ್ನ ಕೊಟ್ಟಿಗೇಲಿ ದೀಪ ಇಟ್ಕೊಂಡೂ ಮಾಡಬಹುದು.

ಫೋನಲ್ಲಿ 6:46 ಅಂತ ಇದ್ರೆ ಅಜ್ಜಿ ಮನೇಲಿ ಆರು ಗಂಟೆಗೇ ಬಿಸಿಲು ಹೋಗೋದು ಹೆಂಗೆ? ಇದು ಕಥೆಗೋಸ್ಕರ ಮಾಡಿದ್ದಾ?

ಇಲ್ಲ, ಲೆಕ್ಕ ಹಾಕಿಯೇ ಬರೆದಿದ್ದು. ಈ ಪ್ರಶ್ನೆ ಕೇಳಿದೋರೆಲ್ಲ ಬಯಲುಸೀಮೆಯೋರು ಅಂತ ನನ್ನ ಅಂದಾಜು, ಮಲೆನಾಡಲ್ಲಿ ಬೆಳೆದೋರಿಗೆ ಇದು ಪ್ರಶ್ನೆ ಅಂತಲೇ ಅನ್ಸಲ್ಲ.

ಫೋನಿನ ಸೂರ್ಯಾಸ್ತದ ಟೈಮು ಎದುರಿಗೆ ಗುಡ್ಡ, ಮರ, ಕಟ್ಟಡ ಏನೂ ಇಲ್ಲದ ಸಮತಟ್ಟು ದಿಗಂತಕ್ಕೆ ಹಾಕಿದ ಲೆಕ್ಕ. ಸಮುದ್ರದ ದಡದಲ್ಲಿ ನಿಂತ್ರೆ ಅದು ಸರಿ. ಕಣಿವೇಲಿರೋ ಮನೆಗೆ ಸೂರ್ಯ ಅದಕ್ಕಿಂತ ಮುಂಚೆನೇ ಗುಡ್ಡದ ಹಿಂದೆ ಹೋಗ್ತಾನೆ. ಎಷ್ಟು ಮುಂಚೆ ಅಂತ ಅಳಿಯಕ್ಕೆ ಒಂದು ಸುಲಭ ದಾರಿ ಇದೆ. ಕೈ ಪೂರ್ತಿ ಮುಂದಕ್ಕೆ ಚಾಚಿ ಮುಷ್ಟಿ ಹಿಡೀರಿ, ಹೆಬ್ಬೆರಳು ಸೇರಿಸದೆ ಆ ಮುಷ್ಟಿಯ ಎತ್ತರ ಸುಮಾರು 10 ಡಿಗ್ರಿ. ಕಣ್ಣಿನ ಮಟ್ಟದಿಂದ ಗುಡ್ಡದ ನೆತ್ತಿಗೆ ಒಂದು ಮುಷ್ಟಿ ಆದ್ರೆ ಗುಡ್ಡ 10 ಡಿಗ್ರಿ ಮೇಲಿದೆ ಅಂತ ಅರ್ಥ. ನಮ್ಮ ಕರ್ನಾಟಕದಷ್ಟು ದಕ್ಷಿಣದಲ್ಲಿ ಸೂರ್ಯ ಹೆಚ್ಚುಕಮ್ಮಿ ನೇರವಾಗಿ ಕೆಳಗಿಳಿತಾನೆ, ಒಂದು ಡಿಗ್ರಿಗೆ ನಾಲ್ಕು ನಿಮಿಷದ ಮೇಲೆ ಸ್ವಲ್ಪ. ಹಂಗಾಗಿ 10 ಡಿಗ್ರಿ ಗುಡ್ಡ ಅಂದ್ರೆ ನಲವತ್ತು ನಿಮಿಷ ಮುಂಚೆ. 6:46ರಿಂದ ನಲವತ್ತು ಕಳೆದ್ರೆ ಆರೂ ಐದು ಆರೂ ಆರು. ಅಜ್ಜಿ ಮನೆಯ ಗುಡ್ಡ ಒಂದು ಮುಷ್ಟಿ.

ಅಡಿಕೆ ಮರದ ಬುಡದಿಂದ ತುದಿಗೆ ಬಿಸಿಲು ಹತ್ತಕ್ಕೆ ಎಷ್ಟೊತ್ತು ಅಂತಾನೂ ಒಬ್ರು ಕೇಳಿದ್ರು. ಐವತ್ತು ಅರವತ್ತು ಅಡಿ ಮರ, ಗುಡ್ಡದ ನೆತ್ತಿ ಒಂದು ಕಿಲೋಮೀಟರ್ ದೂರ ಅಂತ ಇಟ್ಕೊಂಡ್ರೆ ನಾಲ್ಕು ನಿಮಿಷ ಆಗುತ್ತೆ. ಗುಡ್ಡ ಹತ್ರ ಇದ್ದಷ್ಟೂ ಜಾಸ್ತಿ ಹೊತ್ತು, ದೂರ ಇದ್ದಷ್ಟೂ ಬೇಗ. ಕೂತು ನೋಡೋಷ್ಟು ನಿಧಾನ, ಬೇಜಾರಾಗದಷ್ಟು ಬೇಗ, ಮಗುಗೆ ತೋರಿಸಕ್ಕೆ ಇದಕ್ಕಿಂತ ಒಳ್ಳೇದು ನನಗೆ ಸಿಗಲಿಲ್ಲ.

ಅದೇ ತಾಲ್ಲೂಕಿನ ಆಗುಂಬೆ ಘಾಟಿ ನೆತ್ತಿಲಿ ನಿಂತ್ರೆ ಇದಕ್ಕೆ ಪೂರ್ತಿ ಉಲ್ಟಾ, ಪಶ್ಚಿಮಕ್ಕೆ ಎದುರು ಏನೂ ಇಲ್ಲ, ಕೆಳಗೆ ಕರಾವಳಿ. ಅಲ್ಲಿ ಆಕಾಶ ತಿಳಿಯಾಗಿದ್ರೆ ಸೂರ್ಯ ಕೊನೇವರೆಗೂ ಕಾಣ್ತಾನೆ. ಹತ್ತಿರ ಹತ್ತಿರದ ಎರಡು ಊರಲ್ಲಿ ಒಂದೇ ದಿನ ಬೈಗು ಮುಕ್ಕಾಲು ಗಂಟೆ ಹಿಂದೆ ಮುಂದೆ ಆಗಬಹುದು. ಅಜ್ಜಿ "ಗುಡ್ಡ ಗೊತ್ತಿಲ್ಲ" ಅಂದಿದ್ದು ಇದನ್ನೇ.

ಮುಸ್ಸಂಜೆ ಅಥವಾ ಗೋಧೂಳಿ ಅಂತ ಬರೆದಿದ್ರೆ ಎಲ್ಲರಿಗೂ ಅರ್ಥ ಆಗ್ತಿತ್ತಲ್ವಾ?

ಆಗ್ತಿತ್ತು, ಆದ್ರೆ ಅಜ್ಜಿ ಬಾಯಿಗೆ ಹೊಂದ್ತಿರಲಿಲ್ಲ. ಗೋಧೂಳಿ ಅಂದ್ರೆ ಮೇಯಕ್ಕೆ ಹೋದ ದನ ವಾಪಸ್ ಬರೋವಾಗ ಏಳೋ ಧೂಳು. ಬಯಲುಸೀಮೇಲಿ ಅದು ಕಣ್ಣಾರೆ ಕಾಣೋ ವಿಷಯ, ಒಣ ದಾರಿ, ದೊಡ್ಡ ಮಂದೆ, ಅಡ್ಡ ಬಿಸಿಲಲ್ಲಿ ಕೆಂಪಗೆ ಏಳೋ ಧೂಳು. ಮಲೆನಾಡಲ್ಲಿ ದನ ಕಾಡಿನ ಅಂಚಿಂದ ಹಸಿ ಮಣ್ಣಲ್ಲಿ, ತರಗೆಲೆ ಮೇಲೆ ಬರ್ತಾವೆ, ವರ್ಷದ ಬಹುಪಾಲು ಧೂಳು ಏಳೋ ಮಾತೇ ಇಲ್ಲ, ಬರೋದು ಕಾಣೋಕಿಂತ ಮೊದಲು ಕುತ್ತಿಗೆ ಗಂಟೆ ಸದ್ದು ಕೇಳುತ್ತೆ. ಆ ಅಜ್ಜಿ ಕೈಲಿ ಗೋಧೂಳಿ ಅಂತ ಹೇಳ್ಸಿದ್ರೆ ಅವರು ಕಾಣದೇ ಇರೋದನ್ನ ಹೇಳ್ಸಿದಂಗೆ.

ಮುಸ್ಸಂಜೆ ಬೇರೆ ಥರ. ಮೂರುಸಂಜೆ, ಮೂರ್ಸಂಜೆ ಅಂತ ಬೇರೆ ಬೇರೆ ಊರಲ್ಲಿ ಬೇರೆ ಬೇರೆ ಉಚ್ಚಾರ. ನಾನು ಕೇಳಿಸ್ಕೊಂಡಂಗೆ ಆ ಪದ ಬಂದಲ್ಲೆಲ್ಲ ಜೊತೆಗೆ ದೀಪ ಬರುತ್ತೆ, "ಮುಸ್ಸಂಜೆ ಹೊತ್ತಲ್ಲಿ ಮಲಗಬೇಡ", "ಮುಸ್ಸಂಜೇಲಿ ಅಳಬೇಡ" ಅನ್ನೋ ಮಾತು ಬರುತ್ತೆ. ಬೈಗಿಗೆ ಆ ಭಾರ ಇಲ್ಲ. ಅದು ಅಂಗಳದ ಪದ, ಮುಸ್ಸಂಜೆ ದೇವರಕೋಣೆಯ ಪದ ಅಂತ ನನಗನ್ಸುತ್ತೆ. ಅಜ್ಜಿ ದಿನದಲ್ಲಿ ಎರಡೂ ಬರುತ್ತೆ, ಬೈಗಿನ ಒಳಗೇ ಎಲ್ಲೋ ಮುಸ್ಸಂಜೆ ಇರುತ್ತೆ.

ಹಂಗಾದ್ರೆ ಕಸ ಗುಡಿಸಬಾರದು, ಉಪ್ಪು ಕೊಡಬಾರದು, ಉಗುರು ಕತ್ತರಿಸಬಾರದು, ಇದೆಲ್ಲ ಅಜ್ಜಿ ಯಾಕೆ ಹೇಳಲ್ಲ?

ಮೊದಲನೇ ಡ್ರಾಫ್ಟಲ್ಲಿ ಇತ್ತು, ತೆಗೆದೆ. ಅಜ್ಜಿ ಅಂದ ತಕ್ಷಣ ಇಷ್ಟುದ್ದ ಬೇಡಗಳ ಪಟ್ಟಿ ಬರೋದು ಎಲ್ಲಾ ಕಥೇಲೂ ಆಗಿದೆ, ಇಲ್ಲಿ ಅಜ್ಜಿ ತೋರಿಸೋರು ಆಗಬೇಕಿತ್ತು. ಕಸದ ಬಗ್ಗೆ ಮಾತ್ರ ಒಂದು ಮಾತು: ಬುಡ್ಡಿದೀಪದ ಬೆಳಕಲ್ಲಿ ನೆಲದ ಮೇಲೆ ಬಿದ್ದ ಮೂಗುಬೊಟ್ಟೋ ಕಾಲುಂಗುರವೋ ಕಾಣಲ್ಲ, ಗುಡಿಸಿ ತಿಪ್ಪೆಗೆ ಹಾಕಿದ್ರೆ ಹೋಯ್ತು, ಕತ್ತಲಾದ ಮೇಲೆ ಗುಡಿಸಬೇಡ ಅನ್ನೋದಕ್ಕೆ ಆ ಕಾಲದ ಮನೇಲಿ ಅಷ್ಟು ಕಾರಣ ಸಾಕಾಗಿತ್ತು.

ಕೆಂಪು ದಾಸವಾಳ ಕಪ್ಪಾಗೋದು ನಿಜನಾ? ಎಲೆ ಕಾಣ್ತಾ ಹೂವು ಮಾತ್ರ ಕಪ್ಪಾಗುತ್ತಾ?

ನಿಜ, ಇವತ್ತೇ ನೋಡಬಹುದು. ಮಧ್ಯಾಹ್ನ ಕೆಂಪು ದಾಸವಾಳ ಎಲೆಗಿಂತ ಎದ್ದು ಕಾಣುತ್ತೆ. ಬೆಳಕು ಇಳಿತಾ ಇಳಿತಾ ಮೊದಲು ಹೂವು ಕಡುಗೆಂಪಾಗುತ್ತೆ, ಆಮೇಲೆ ಒಣಗಿದ ರಕ್ತದ ಬಣ್ಣ, ಕೊನೆಗೆ ಕಪ್ಪು. ಅದೇ ಹೊತ್ತಲ್ಲಿ ಎಲೆಗಳು ಬೂದಿ ಬಣ್ಣದಲ್ಲಿ ಹೂವಿಗಿಂತ ಬೆಳ್ಳಗೆ ಕಾಣಕ್ಕೆ ಶುರುವಾಗ್ತಾವೆ. ಹಗಲಲ್ಲಿ ಕಂಡಿದ್ದಕ್ಕೆ ಪೂರ್ತಿ ಉಲ್ಟಾ ಆಗುತ್ತೆ.

ಕಾರಣ ಹೂವಲ್ಲಿಲ್ಲ, ನಮ್ಮ ಕಣ್ಣಲ್ಲಿದೆ. ಕಣ್ಣಿನ ಪರದೇಲಿ ಬೆಳಕು ಹಿಡಿಯೋ ಕೋಶ ಎರಡು ಥರ. ಕೋನ್ ಕೋಶಗಳು ಚೆನ್ನಾಗಿ ಬೆಳಕಿದ್ದಾಗ ಕೆಲಸ ಮಾಡ್ತಾವೆ, ಬಣ್ಣ ಗುರುತಿಸೋದು ಅವೇ. ರಾಡ್ ಕೋಶಗಳು ಮಂದ ಬೆಳಕಲ್ಲಿ ಕೆಲಸ ಮಾಡ್ತಾವೆ, ಅವಕ್ಕೆ ಬಣ್ಣ ಗೊತ್ತಾಗಲ್ಲ, ಹಸಿರು ನೀಲಿ ಕಡೆಯ ಬೆಳಕು ಚೆನ್ನಾಗಿ ಹಿಡೀತಾವೆ, ಕೆಂಪು ಹೆಚ್ಚುಕಮ್ಮಿ ಹಿಡಿಯೋದೇ ಇಲ್ಲ. ಬೈಗಿನ ಒಂದು ಗಂಟೇಲಿ ಕಣ್ಣು ಒಂದು ಗುಂಪಿನಿಂದ ಇನ್ನೊಂದಕ್ಕೆ ಕೆಲಸ ವಹಿಸುತ್ತೆ, ಆ ಬದಲಾವಣೆಗೆ ಮೊದಲು ಸಿಕ್ಕಿ ಬೀಳೋ ಬಣ್ಣ ಕೆಂಪು. 19ನೇ ಶತಮಾನದ ಮೊದಲ ಭಾಗದಲ್ಲಿ ಪುರ್ಕಿನ್ಯೆ ಅನ್ನೋ ಜೆಕ್ ವಿಜ್ಞಾನಿ ಇದನ್ನ ಗಮನಿಸಿ ಬರೆದ್ರು, ಅವರ ಹೆಸರಲ್ಲೇ ಇವತ್ತೂ ಕರೀತಾರೆ.

ಅಜ್ಜಿ ಇದನ್ನ ಬೈಗಿನ ಕೊನೆ ಅಂತ ಇಟ್ಕೊಂಡಿರೋದರಲ್ಲಿ ಒಂದು ಜಾಣತನ ಇದೆ. ಸೂರ್ಯ ದಿಗಂತದಿಂದ 6 ಡಿಗ್ರಿ ಕೆಳಗೆ ಹೋಗೋವರೆಗಿನ ಹೊತ್ತನ್ನ ಖಗೋಳದೋರು ಮೊದಲ ಹಂತದ ಸಂಜೆಬೆಳಕು ಅಂತ ಲೆಕ್ಕ ಹಾಕ್ತಾರೆ, ಅಲ್ಲಿವರೆಗೂ ದೀಪ ಇಲ್ಲದೆ ಹೊರಗೆ ಕೆಲಸ ಮಾಡಬಹುದು. ನಮ್ಮಲ್ಲಿ ಅದು ಸೂರ್ಯ ಮುಳುಗಿ ಇಪ್ಪತ್ತೆರಡು ಇಪ್ಪತ್ಮೂರು ನಿಮಿಷಕ್ಕೆ ಮುಗಿಯುತ್ತೆ. ಹೂವಿನ ಬಣ್ಣ ಹೋಗೋದೂ ಅದರ ಆಸುಪಾಸಲ್ಲೇ. ಯುರೋಪಿನ ಉತ್ತರದ ಊರುಗಳಲ್ಲಿ ಬೇಸಿಗೇಲಿ ಸೂರ್ಯ ಓರೆಯಾಗಿ ಇಳಿಯೋದ್ರಿಂದ ಇದೇ ಹೊತ್ತು ತುಂಬಾ ಉದ್ದ ಎಳೆಯುತ್ತೆ, ಅಲ್ಲಿರೋ ನಮ್ಮೋರು ಇದನ್ನ ಬರೆದು ತಿಳಿಸಿದಾರೆ.

ನೋಡಕ್ಕೆ ಹೋದಾಗ ಕೆಡೋದು ಒಂದೇ ಕಾರಣಕ್ಕೆ, ಹತ್ರದಲ್ಲಿ ಲೈಟ್ ಇರೋದು. ಜಗಲಿ ಬಲ್ಬ್ ಉರೀತಿದ್ರೆ ಅಥವಾ ಮಧ್ಯದಲ್ಲಿ ಫೋನ್ ಸ್ಕ್ರೀನ್ ನೋಡಿದ್ರೆ ಕಣ್ಣು ಮತ್ತೆ ಹಗಲಿಗೆ ವಾಪಸ್ ಹೋಗುತ್ತೆ, ಕತ್ತಲಿಗೆ ಪೂರ್ತಿ ಹೊಂದ್ಕೊಳ್ಳಕ್ಕೆ ಮತ್ತೆ ಅರ್ಧ ಗಂಟೆ ಬೇಕು. ಫೋಟೋ ತೆಗೆದು ಕಳಿಸಿದೋರು "ಹೂವು ಕೆಂಪಗೇ ಇದೆ" ಅಂದ್ರು, ಕ್ಯಾಮೆರಾಗೆ ರಾಡ್ ಕೋಶ ಇಲ್ಲ, ಅದು ಕೆಂಪನ್ನ ಕೆಂಪಾಗೇ ತೋರಿಸುತ್ತೆ. ಕಣ್ಣಿಂದಲೇ ನೋಡಬೇಕು.

ನಮ್ಮ ಮನೆ ಹೀರೆ ಹೂವು ಬೆಳಗ್ಗೆ ಅರಳುತ್ತೆ. ಕಥೇಲಿ ತಪ್ಪಾಗಿದೆಯಲ್ಲ?

ನಿಮ್ಮ ಮನೇಲಿರೋದು ತುಪ್ಪದ ಹೀರೆ ಇರಬೇಕು. ಕಾಯಿ ನೋಡಿ, ಮೈ ನುಣುಪಾಗಿದ್ರೆ ತುಪ್ಪದ ಹೀರೆ, ಅದರ ಹೂವು ಬೆಳಗಿನ ಜಾವ ಅರಳುತ್ತೆ. ಮೈ ಮೇಲೆ ಉದ್ದಕ್ಕೆ ಚೂಪು ಏಣು ಇರೋ ಮಾಮೂಲಿ ಹೀರೆ ಅರಳೋದು ಇಳಿಹೊತ್ತು ಕಳೆದು ಸಂಜೆಗೆ, ರಾತ್ರಿ ಪೂರ್ತಿ ಬಿಚ್ಚಿಕೊಂಡಿದ್ದು ಮಾರನೇ ಬೆಳಗ್ಗೆ ಬಾಡುತ್ತೆ. ರಾತ್ರಿ ಹಾರೋ ಪತಂಗಗಳು ಅದಕ್ಕೆ ಬರ್ತಾವೆ, ಕತ್ತಲಲ್ಲೂ ಕಾಣೋ ತಿಳಿ ಹಳದಿ ಬಣ್ಣ ಅದಕ್ಕೆ. ಸಂಜೆಮಲ್ಲಿಗೆಯೂ ಹಿಂಗೇ ಸಂಜೆ ಅರಳೋದು, ಆದ್ರೆ ಅದು ಸ್ವಲ್ಪ ಬೇಗ, ನಾಲ್ಕು ಗಂಟೆ ಮೇಲೆ ಶುರು ಮಾಡಿಬಿಡುತ್ತೆ, ಅದಕ್ಕೇ ಬೈಗಿಗೆ ಗುರುತಾಗಿ ಇಡಲಿಲ್ಲ.

ಮೋಡದ ದಿನ ಕೋಳಿ ಮೋಸ ಹೋಗಿ ಹೂವು ಹೋಗದೇ ಇರೋದಕ್ಕೂ ಕಾರಣ ಇದೆ. ಕೋಳಿಗೆ ಮಂದ ಬೆಳಕಲ್ಲಿ ಕಣ್ಣು ಸರಿಯಾಗಿ ಕಾಣಲ್ಲ, ಕತ್ತಲಾಗ್ತಿದೆ ಅನ್ಸಿದ್ರೆ ಸಾಕು ಗೂಡು ಸೇರ್ತಾವೆ, ದಟ್ಟ ಮೋಡಕ್ಕೂ ಗ್ರಹಣಕ್ಕೂ ಹಂಗೇ ಮಾಡ್ತಾವೆ. ಗಿಡದ ಒಳಗೆ ದಿನದ ಲೆಕ್ಕ ಇರುತ್ತೆ, ಹಿಂದಿನ ದಿನಗಳ ಹಗಲು ರಾತ್ರಿಯಿಂದ ಹೊಂದಿಸ್ಕೊಂಡಿರೋದು, ಒಂದು ಗಂಟೆ ಮೋಡ ಕವಿದಿದ್ದಕ್ಕೆ ಅದು ಪೂರ್ತಿ ತಿರುಗಲ್ಲ. ಹಂಗಂತ ಹೂವು ಗಡಿಯಾರ ಅಲ್ಲ. ಚಳಿ ಬಿಸಿ ನೋಡ್ಕೊಂಡು ಹಿಂದೆ ಮುಂದೆ ಆಗುತ್ತೆ, ಅದಕ್ಕೇ ಅಜ್ಜಿ "ಅಷ್ಟು ಸಲೀಸಾಗಿ" ಅಂತ ಸೇರಿಸಿ ಹೇಳೋದು. ಒಂದೇ ಗುರುತು ಹಿಡ್ಕೊಂಡ್ರೆ ಹುಡುಗಿ ಥರ ಎಡವ್ತೀವಿ, ಎರಡು ಮೂರು ಸೇರಿಸಿ ನೋಡಬೇಕು.

ಬೆಂಗಳೂರಿಗೂ ತೀರ್ಥಹಳ್ಳಿಗೂ ಒಂಬತ್ತು ನಿಮಿಷ ಎಲ್ಲಿಂದ ಬಂತು?

ಗಡಿಯಾರ ದೇಶಕ್ಕೆಲ್ಲ ಒಂದೇ, ಸೂರ್ಯ ಅಲ್ಲ. ತೀರ್ಥಹಳ್ಳಿ ಬೆಂಗಳೂರಿಗಿಂತ ಎರಡು ಡಿಗ್ರಿ ಚಿಲ್ಲರೆ ಪಶ್ಚಿಮಕ್ಕಿದೆ, ಭೂಮಿ ಒಂದು ಡಿಗ್ರಿ ತಿರುಗಕ್ಕೆ ನಾಲ್ಕು ನಿಮಿಷ, ಅಲ್ಲಿಗೆ ಒಂಬತ್ತು ಒಂಬತ್ತೂವರೆ ನಿಮಿಷ. ಹುಡುಗಿ ಹೇಳಿದ್ದು ಫೋನಿನ ಸೂರ್ಯಾಸ್ತ ಹೋಲಿಸಿ. ಬೈಗು ಹೋಲಿಸಿದ್ರೆ ಲೆಕ್ಕ ಬೇರೆ ಆಗುತ್ತೆ, ಗುಡ್ಡ ಇರೋದ್ರಿಂದ ಅಜ್ಜಿ ಮನೇಲೇ ಮೊದಲು ಶುರು. ಈ ತೊಡಕು ಹಿಡಿದು ಬರೆದ ಓದುಗರೊಬ್ರಿಗೆ ನಿಜವಾಗಲೂ ಖುಷಿಯಾಗಿ ಉದ್ದ ಉತ್ತರ ಬರೆದಿದ್ದೆ.

ನಮ್ಮ ಕಡೆ ಬೈಗು ಅನ್ನಲ್ಲ. ನಮ್ಮ ಮನೆ ಮಾತಿಗೆ ಬದಲಾಯಿಸಿ ಮಕ್ಕಳಿಗೆ ಹೇಳಬಹುದಾ?

ಖಂಡಿತ ಹೇಳಿ. ಆದ್ರೆ ಪದ ಮಾತ್ರ ಬದಲಾಯಿಸಿ ಬಿಟ್ರೆ ಸಾಲಲ್ಲ, ಗುರುತುಗಳನ್ನೂ ನಿಮ್ಮ ಊರಿನವು ಮಾಡಬೇಕು. ತುಳುವಿನಲ್ಲಿ ಬಯ್ಯ ಅಂತಾರೆ, ಬೈಗಿಗೆ ತೀರಾ ಹತ್ರದ ಪದ, ಕರಾವಳಿ ಮನೆ ಆದ್ರೆ ಎದುರಿಗೆ ಗುಡ್ಡ ಇಲ್ಲ, ಸಮುದ್ರ ಇದೆ, ಹಂಗಾಗಿ ಫೋನು–ಅಜ್ಜಿ ಜಗಳ ನಡಿಯಲ್ಲ, ಬೇರೇದು ಯೋಚಿಸಬೇಕು. ಹವ್ಯಕರ ಮನೇಲಿ ಹೊತ್ತೋಪಗ ಅಂತಾರೆ, ಹೊತ್ತು ಹೋಗುವಾಗ ಅನ್ನೋದು ಆ ಪದದಲ್ಲೇ ಇದೆ. ಧಾರವಾಡ ಕಡೆ "ಸಂಜಿಮುಂದ", "ದೀಪ ಹಚ್ಚೂ ಹೊತ್ತು" ಅಂತಾರೆ, ಅಲ್ಲಿನ ಕಥೆಗೆ ಅಡಿಕೆ ಮರ ಬೇಡ, ಬಯಲಲ್ಲಿ ಒಂಟಿ ಬೇವಿನ ಮರದ ನೆರಳು ಉದ್ದ ಆಗ್ತಾ ಆಗ್ತಾ ಹೊಲದ ಬದು ದಾಟೋದನ್ನ ಇಟ್ಕೊಳ್ಳಿ. ಹುಣಸೆಮರ ಇದ್ರೆ ಇನ್ನೂ ಒಳ್ಳೇದು, ಅದರ ಚಿಕ್ಕ ಎಲೆಗಳು ಸಂಜೆಗೆ ಜೋಡಿ ಜೋಡಿಯಾಗಿ ಮುಚ್ಕೋತಾವೆ, ಮಕ್ಕಳು ಅದನ್ನ ಮರೆಯಲ್ಲ. "ಬೈಗಾತು" ಅಂದಾಗ ಹುಡುಗಿ ಬೈದ್ರು ಅಂದ್ಕೊಳ್ಳೋ ಜಾಗ ಮಾತ್ರ ಬೇರೆ ಪದಕ್ಕೆ ಹೊಂದಲ್ಲ, ಅದನ್ನ ಬಿಟ್ಟುಬಿಡಿ.

ಅಪಾರ್ಟ್‌ಮೆಂಟಲ್ಲಿದೀವಿ. ಮಗುಗೆ ಬೈಗು ತೋರಿಸಕ್ಕೆ ಆಗುತ್ತಾ?

ಆಗುತ್ತೆ. ಪಶ್ಚಿಮಕ್ಕೆ ಎತ್ತರದ ಬಿಲ್ಡಿಂಗ್ ಇದ್ರೆ ಅದೇ ನಿಮ್ಮ ಗುಡ್ಡ. ಎದುರುಗಡೆ, ಅಂದ್ರೆ ಪೂರ್ವಕ್ಕಿರೋ ಇನ್ನೊಂದು ಬ್ಲಾಕಿನ ಗೋಡೆ ನೋಡಿ, ಬಿಸಿಲು ಮಹಡಿಯಿಂದ ಮಹಡಿಗೆ ಹತ್ತುತ್ತೆ, ಮಗು ಮಹಡಿ ಎಣಿಸಬಹುದು. ಕೊನೇ ಮಹಡಿ ಬಿಟ್ಟಾಗ ಟೈಮ್ ಬರೆದಿಡಿ, ಫೋನಿನ ಸೂರ್ಯಾಸ್ತದ ಟೈಮ್ ಪಕ್ಕಕ್ಕೆ ಬರೀರಿ, ವ್ಯತ್ಯಾಸ ನೋಡಿ, ಮುಷ್ಟಿ ಹಿಡಿದು ಬಿಲ್ಡಿಂಗ್ ಎತ್ತರ ಅಳೀರಿ. ಬಾಲ್ಕನಿ ಕುಂಡದಲ್ಲಿ ಕೆಂಪು ದಾಸವಾಳ ಇದ್ರೆ ಮನೆ ಒಳಗಿನ ಲೈಟ್ ಎಲ್ಲಾ ಆರಿಸಿ ಕೂತ್ಕೊಳ್ಳಿ, ಇಲ್ಲಾಂದ್ರೆ ಒಂದು ಕೆಂಪು ಬಟ್ಟೆ, ಒಂದು ಹಸಿರು ಬಟ್ಟೆ ತಂತಿ ಮೇಲೆ ಅಕ್ಕಪಕ್ಕ ಹಾಕಿದ್ರೂ ನಡಿಯುತ್ತೆ. ಬೀದಿದೀಪ ನೇರವಾಗಿ ಬೀಳೋ ಬಾಲ್ಕನಿ ಆದ್ರೆ ಹೂವು ಕಪ್ಪಾಗೋದು ಕಾಣಲ್ಲ, ಟೆರೇಸಿಗೆ ಹೋಗಿ, ನೀರಿನ ಟ್ಯಾಂಕಿನ ಹಿಂದೆ ದೀಪ ಬೀಳದ ಮೂಲೆ ಹುಡುಕಿ.

ಡಿಸೆಂಬರ್ ರಜೇಲಿ ಮಾಡೋರು ಅರ್ಧ ಗಂಟೆಗೂ ಜಾಸ್ತಿ ಮುಂಚೆ ಕೂರಬೇಕು. ನವೆಂಬರ್ ಕೊನೆಯ ಹೊತ್ತಿಗೆ ಬೆಂಗಳೂರಲ್ಲಿ ಸೂರ್ಯ ಆರು ಗಂಟೆಗೆ ಮುಂಚೆನೇ ಮುಳುಗ್ತಾನೆ, ಜುಲೈನಲ್ಲಿ ಆರೂ ಐವತ್ತರ ಹತ್ರ.

ಶಾಲೇಲಿ ಓದಿಸಬಹುದಾ? ನಾಟಕ ಮಾಡಬಹುದಾ?

ಎರಡಕ್ಕೂ ಅಡ್ಡಿ ಇಲ್ಲ, ಕೇಳೋದೂ ಬೇಡ. ನಾಟಕ ಮಾಡೋರಿಗೆ ಒಂದೇ ಕೋರಿಕೆ, ಅಜ್ಜಿ ಪಾತ್ರ ಕೂತ್ಕೊಂಡು ಭಾಷಣ ಮಾಡೋ ಥರ ಮಾಡಬೇಡಿ, ಅವರ ಕೈಯಲ್ಲಿ ಯಾವಾಗಲೂ ಒಂದು ಕೆಲಸ ಇರಲಿ, ಮಾತು ಕೆಲಸದ ನಡುವೆ ಬರಲಿ. ಕ್ಲಾಸಲ್ಲಿ ಓದಿಸೋ ಮೇಷ್ಟ್ರು, ಮೇಡಂಗಳಿಗೆ: ಬೈಗು ಪದದ ಅರ್ಥ ಬರೆಸೋ ಮೊದಲು ಮಕ್ಕಳನ್ನ ಒಂದು ಸಂಜೆ ಮನೇಲಿ ನೋಡಕ್ಕೆ ಹೇಳಿ, ಬಿಸಿಲು ಕೊನೆಗೆ ಯಾವುದರ ಮೇಲಿಂದ ಹೋಯ್ತು ಅಂತ ಒಂದು ಸಾಲು ಬರ್ಕೊಂಡು ಬರಲಿ. ಒಂದು ಕ್ಲಾಸಲ್ಲಿ ನಲವತ್ತು ಮಕ್ಕಳಿದ್ರೆ ನೀರಿನ ಟ್ಯಾಂಕು, ತೆಂಗಿನಗರಿ, ಮೊಬೈಲ್ ಟವರ್, ಗೋಪುರದ ಕಳಶ ಅಂತ ಬೇರೆ ಬೇರೆ ಉತ್ತರ ಬರುತ್ತೆ, ಪಾಠ ಅಲ್ಲಿಂದ ಶುರು ಮಾಡಿ.